"ಡೌಟಿದೆ ಮಿಸ್" ಅಂದ ಮಗೂಗೆ "ಏನ್ ಡೌಟು" ಅಂತ ವಾಪಸ್ ಕೇಳ್ಬೇಡಿ

ರಾತ್ರಿ ಹೊತ್ತು ಫೋನಿಗೆ "ಗುಡ್ ಈವ್ನಿಂಗ್ ಮಿಸ್, ಐ ಹ್ಯಾವ್ ಎ ಡೌಟ್" ಅಂತ ಒಂದೇ ಒಂದ್ ಲೈನ್ ಬರತ್ತೆ, ಅದ್ರ ಹಿಂದೆ ಏನೂ ಇಲ್ಲ, ಯಾವ ಪಾಠ ಅಂತಿಲ್ಲ ಯಾವ ಲೆಕ್ಕ ಅಂತಿಲ್ಲ. ಪಾಠ ಮಾಡೋರಿಗೆಲ್ಲ ಇದು ಗೊತ್ತಿರೋದೇ. ಡೌಟ್ ಇದೆ ಅನ್ನೋಕೊಂದು ಮೆಸೇಜು, ಡೌಟ್ ಏನು ಅನ್ನೋಕೆ ಇನ್ನೊಂದಾ, ನೇರ ಕೇಳಿದ್ರೆ ಏನ್ ಕಷ್ಟ ಅಂತ ಸ್ಟಾಫ್ ರೂಮಲ್ಲಿ ಗೊಣಗೋರು ತುಂಬ ಜನ. ನಂಗೆ ಹಾಗನ್ಸಲ್ಲ. ಆ ಮಗೂಗೆ ನೇರ ಕೇಳೋಕೆ ಬಂದಿದ್ರೆ ಅರ್ಧ ಡೌಟು ಅಲ್ಲೇ ಮುಗ್ದಿರೋದು. ಎಲ್ಲೋ ಸಿಕ್ಕಾಕೊಂಡಿದೀನಿ ಅಂತಷ್ಟೇ ಅದಕ್ಕೆ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ನಾವು "ಏನ್ ಡೌಟು, ಸರಿಯಾಗ್ ಹೇಳು" ಅಂದ್ರೆ ಅದಕ್ಕೆ ಬರದೇ ಇರೋ ಕೆಲ್ಸಾನೇ ಮೊದ್ಲು ಮಾಡು ಅಂದ ಹಾಗಾಯ್ತು. ಆಮೇಲೆ "ಟೈಪಿಂಗ್" ಅಂತ ಕಾಣತ್ತೆ, ನಿಲ್ಲತ್ತೆ, ಮತ್ತೆ ಕಾಣತ್ತೆ, ಕೊನೇಗೆ "ಏನಿಲ್ಲ ಮಿಸ್ ಗೊತ್ತಾಯ್ತು" ಅಂತ ಬರತ್ತೆ. ಏನೂ ಗೊತ್ತಾಗಿರಲ್ಲ.

ನಮ್ ಕೊಡಗಿನಲ್ಲಿ ಇದಕ್ಕೆ ಇನ್ನೊಂದ್ ಕಾರಣಾನೂ ಇದೆ. ನನ್ ಹತ್ರ ಬರೋ ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಸಿದ್ದಾಪುರ ಕಡೆ ಎಸ್ಟೇಟ್ ಲೈನ್ ಮನೇವ್ರು ಇದಾರೆ, ಮನೇಗೊಂದೇ ಫೋನು, ಅದು ಅಪ್ಪನ ಜೇಬಲ್ಲಿ. ಅಪ್ಪ ಕೆಲ್ಸ ಮುಗ್ಸಿ ಬಂದ್ಮೇಲೆ ಹತ್ತು ನಿಮಿಷ ಕೈಗೆ ಸಿಗತ್ತೆ, ಅದ್ರಲ್ಲೂ ನೆಟ್‌ವರ್ಕ್ ಸಿಗೋದು ಮನೆಯಿಂದ ಮೇಲೆ ರೋಡಿಗೆ ಹೋದ್ರೆ ಮಾತ್ರ, ಕಕ್ಕಡದ ಮಳೇಲಿ ಕರೆಂಟ್ ಹೋದ್ರೆ ಚಾರ್ಜೂ ಇಲ್ಲ. ಅಂಥ ಮಗು ಒಂದ್ ಲೈನ್ ಕಳ್ಸಿ ಫೋನ್ ವಾಪಸ್ ಕೊಟ್ಟಿರತ್ತೆ. ನಾನು "ಏನ್ ಡೌಟು" ಅಂತ ಹಾಕಿದ್ರೆ ಅದು ನೋಡೋದು ಮಾರನೇ ದಿನ ಸಂಜೆ, ಉತ್ರ ಬರೋದು ಅದಾದ್ಮೇಲೆ, ಒಂದಿಡೀ ದಿನ ಬರೀ ಆ ಪ್ರಶ್ನೆಗೇ ಹೋಯ್ತು. ಅದಕ್ಕೇ ನನ್ನ ಮೊದಲ್ನೇ ರಿಪ್ಲೈನಲ್ಲೇ ಎಲ್ಲಾ ಇರ್ಬೇಕು. ನಾನು ಹಾಕೋದು ಹೆಚ್ಚುಕಮ್ಮಿ ಹೀಗೆ:

"ಬಂತು ಮೆಸೇಜು. ಯಾವ ಪೇಜಲ್ಲಿ ನಿಂತಿದೀಯೋ ಆ ಪೇಜಿಂದು, ನೀನ್ ಬರ್ದಿರೋ ನೋಟ್ಸಿಂದು ಒಂದೊಂದ್ ಫೋಟೋ ಹಾಕು ಸಾಕು, ಪ್ರಶ್ನೆ ಬರೀಬೇಕು ಅಂತಿಲ್ಲ. ತಪ್ಪಾಗಿದ್ರೂ ಅಳಿಸ್ಬೇಡ. ಬೇಕಿದ್ರೆ ವಾಯ್ಸ್ ಹಾಕು, ಹೇಗ್ ಬಂದ್ರೆ ಹಾಗೆ ಮಾತಾಡು. ಇವತ್ತೇ ಆಗ್ಬೇಕಂತಿಲ್ಲ, ಫೋನ್ ಸಿಕ್ಕಾಗ ಹಾಕು."

ಇದ್ರಲ್ಲಿ "ಅಳಿಸ್ಬೇಡ" ಅನ್ನೋದೇ ಮುಖ್ಯ. ಮಕ್ಕಳು ಮಿಸ್ ನೋಡ್ತಾರೆ ಅಂತ ನೀಟಾಗಿ ಹೊಸ್ದಾಗಿ ಬರ್ದು ಫೋಟೋ ತೆಗೀತಾರೆ, ಆಗ ಡೌಟ್ ಇದ್ದ ಜಾಗಾನೇ ಮಾಯ.

ಒಂದ್ ಹುಡುಗಿ ಹೀಗೇ ಒಂದ್ ಲೈನ್ ಕಳ್ಸಿದ್ಲು. ಮಾರನೇ ದಿನ ಫೋಟೋ ಬಂತು, ಬೆಳಕಿನ ಪಾಠದ್ದು. ನಿಮ್ನ ಮಸೂರದ ಸಂಗಮದೂರ 15 ಸೆಂ.ಮೀ., ಪ್ರತಿಬಿಂಬ ಮಸೂರದಿಂದ 10 ಸೆಂ.ಮೀ. ದೂರದಲ್ಲಿ ಆಗ್ಬೇಕಾದ್ರೆ ವಸ್ತುನ ಎಲ್ಲಿಡ್ಬೇಕು ಅನ್ನೋ ಲೆಕ್ಕ. ಉತ್ರ 30 ಸೆಂ.ಮೀ. ಅವ್ಳಿಗೆ 6 ಬಂದಿತ್ತು, 6ಕ್ಕೆ ಬಾಕ್ಸ್ ಹಾಕಿ, ಹೊಡೆದು ಹಾಕಿ, ಪಕ್ಕದಲ್ಲಿ ಪೆನ್ಸಿಲಲ್ಲಿ ಸಣ್ಣಗೆ 30 ಅಂತ ಬರ್ದು ಪ್ರಶ್ನಾರ್ಥಕ ಚಿಹ್ನೆ. ಅವ್ಳು ಮಾಡಿದ್ದು ಇಷ್ಟು:

```
1/v - 1/u = 1/f
v = 10, f = -15
1/u = 1/10 + 1/15 = 1/6
u = 6
```

ಸೂತ್ರ ಸರಿ, ಭಿನ್ನರಾಶಿ ಸರಿ, f ಗೆ ಮೈನಸ್ಸೂ ಸರಿ. v ಒಂದೇ ಎಡವಟ್ಟು. ಫೋಟೋ ನೋಡ್ದೇ ನಾನು ಊಹೆ ಮಾಡಿದ್ರೆ "ಎಡಗಡೆ ಮೈನಸ್, ಬಲಗಡೆ ಪ್ಲಸ್" ಅಂತ ಚಿಹ್ನೆಗಳ ನಿಯಮ ಮೊದ್ಲಿಂದ ಹೇಳ್ತಿದ್ದೆ, ಅದು ಅವ್ಳಿಗೆ ಆಗ್ಲೇ ಬಾಯಿಪಾಠ. ಇಲ್ಲಿ ಟೀಚರ್‌ಗಳಿಗೆ ಬರೋ ಇನ್ನೊಂದ್ ಚಪಲ ಅಂದ್ರೆ "ಚಿಹ್ನೆಗಳ ನಿಯಮ ಏನು ಹೇಳು ನೋಡೋಣ" ಅಂತ ಶುರು ಮಾಡೋದು, ಡೌಟ್ ಕೇಳೋಕ್ ಬಂದ ಮಗು ವೈವಾ ಕೊಡೋಕ್ ನಿಲ್ಬೇಕಾಗತ್ತೆ, ಅಲ್ಲಿಗೆ ಮುಂದಿನ ಸಲ ಆ ಒಂದ್ ಲೈನೂ ಬರಲ್ಲ. ನಾನು ಸರಿ ಇರೋದನ್ನೆಲ್ಲ ಹೇಳಿ, "v ಗೆ 10 ಹಾಕುವಾಗ ಪ್ರತಿಬಿಂಬ ಮಸೂರದ ಯಾವ ಕಡೆ ಇದೆ ಅಂದ್ಕೊಂಡೆ, ವಸ್ತು ಇರೋ ಕಡೇನಾ ಆ ಕಡೇನಾ" ಅಂತ ಕೇಳ್ದೆ. ಒಂದೇ ಪದದಲ್ಲಿ ಉತ್ರ ಕೊಡ್ಬಹುದಾದ ಪ್ರಶ್ನೆ, ಅವ್ಳದ್ದೇ ಬರಹದ ಒಂದ್ ಜಾಗದ ಮೇಲೆ.

ಅದಕ್ಕೆ ವಾಯ್ಸ್ ಬಂತು, ಹಿಂದೆ ಟಿವಿ ಸೌಂಡು, ಯಾರೋ ಊಟಕ್ಕೆ ಕರೀತಿದಾರೆ. "ಕ್ವೆಶ್ಚನಲ್ಲಿ ಮೈನಸ್ ಕೊಟ್ಟಿಲ್ವಲ್ಲ ಮಿಸ್, ಅದಕ್ಕೇ ಪ್ಲಸ್ ಹಾಕ್ದೆ. ಆದ್ರೆ ಎಫ್‌ಗೂ ಕೊಟ್ಟಿಲ್ಲ, ಅದಕ್ಕೆ ಮಾತ್ರ ನಾವೇ ಮೈನಸ್ ಹಾಕ್ತೀವಿ, ಯಾಕೆ ಮಿಸ್?"

ನೋಡಿ, ಇದು ಡೌಟು. ಎಷ್ಟ್ ಚೆನ್ನಾಗಿದೆ! ಈ ಮಾತು ಅವ್ಳ ಮೊದಲ್ನೇ ಮೆಸೇಜಲ್ಲಿ ಬರೋಕೆ ಸಾಧ್ಯಾನೇ ಇರ್ಲಿಲ್ಲ. ಉತ್ರಾನೂ ದೊಡ್ಡದೇನಲ್ಲ. ಎರಡೂ ಮೈನಸ್ ಬರೋದು ಪ್ರಶ್ನೆಯಿಂದ ಅಲ್ಲ, ಮಸೂರದಿಂದ. ನಿಮ್ನ ಮಸೂರ ಕಿರಣಗಳನ್ನ ಹರಡತ್ತೆ, ಹರಡಿದ್ದು ಆ ಕಡೆ ಎಲ್ಲೂ ಸೇರಲ್ಲ, ಹಿಂದಕ್ಕೆ ಗೆರೆ ಎಳೆದ್ರೆ ವಸ್ತು ಇರೋ ಕಡೇನೇ ಸೇರಿದ ಹಾಗೆ ಕಾಣತ್ತೆ. ಹಾಗಾಗಿ v = -10, ಆಗ 1/u = -1/10 + 1/15 = -1/30, ವಸ್ತು ಎಡಗಡೆ 30 ಸೆಂ.ಮೀ. ದೂರದಲ್ಲಿ. ಜೊತೆಗೆ ಅವ್ಳೇ ಚೆಕ್ ಮಾಡ್ಕೊಳ್ಳೋಕೆ ಒಂದ್ ದಾರಿ ಹೇಳ್ದೆ, ನಿಮ್ನ ಮಸೂರದಲ್ಲಿ ಪ್ರತಿಬಿಂಬ ಯಾವಾಗ್ಲೂ ವಸ್ತುಗಿಂತ ಹತ್ರ ಇರತ್ತೆ, 10 ಅನ್ನೋದು 30ಕ್ಕಿಂತ ಹತ್ರ ಸರಿ, 6 ಬಂದ್ರೆ ವಸ್ತುನೇ ಹತ್ರ ಆಗ್ಬಿಡ್ತಲ್ಲ, ಅಲ್ಲೇ ಅನುಮಾನ ಬರ್ಬೇಕು.

ಕ್ಲಾಸಲ್ಲೂ ಇದೇ ಕಥೆ. "ಅರ್ಥ ಆಯ್ತಾ, ಡೌಟ್ ಇದ್ಯಾ" ಅಂತ ಕೇಳಿ ಆ ಮಾತು ಮುಗಿಯೋ ಮೊದ್ಲೇ ಬೋರ್ಡ್ ಒರೆಸ್ತೀವಿ. ಅಮೆರಿಕದ ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲೇ ಇದನ್ನ ಅಳೆದು ನೋಡಿದ್ರು, ಟೀಚರ್‌ಗಳು ಪ್ರಶ್ನೆ ಕೇಳಿ ಕಾಯೋದು ಸುಮಾರು ಒಂದ್ ಸೆಕೆಂಡಂತೆ, ಅದನ್ನ ಮೂರು ಸೆಕೆಂಡ್ ಮಾಡಿದ್ರೆ ಮಕ್ಕಳ ಉತ್ರ ಉದ್ದ ಆಯ್ತು, ಅವ್ರೇ ಪ್ರಶ್ನೆ ಕೇಳೋದೂ ಜಾಸ್ತಿ ಆಯ್ತು. ಬರೀ ಮೂರು ಸೆಕೆಂಡ್! ಎಣಿಸಿ ನೋಡಿ, ಕ್ಲಾಸಲ್ಲಿ ಸುಮ್ನೆ ನಿಂತ್ರೆ ಅದೇ ಒಂದ್ ಯುಗ.

ಇದೆಲ್ಲ ಸ್ಪೂನ್ ಫೀಡಿಂಗ್ ಅಂತ ನಮ್ಮ ಗಣಿತದ ಸರ್ ವಾದ. ಹೋಮ್‌ವರ್ಕ್ ಮಾಡ್ಸ್ಕೊಳ್ಳೋಕೆ ಡೌಟ್ ಅನ್ನೋ ಮಕ್ಕಳೂ ಇದಾರೆ, ನಿಜ, ಆದ್ರೆ ಅದೂ ಫೋಟೋದಲ್ಲೇ ಗೊತ್ತಾಗತ್ತೆ. ಪ್ರಶ್ನೆ ಇರತ್ತೆ, ಕೆಳಗೆ ಹಾಳೆ ಖಾಲಿ. ಆಗ ನಾನು ಲೆಕ್ಕ ಮಾಡ್ಕೊಡಲ್ಲ, ಬೈಯೋದೂ ಇಲ್ಲ, "ಏನೇನ್ ಕೊಟ್ಟಿದಾರೆ ಅಂತ ಒಂದ್ ಲೈನ್ ಬರ್ದು ಕಳ್ಸು" ಅಂತೀನಿ. ನಿಜ್ವಾಗ್ಲೂ ಸಿಕ್ಕಾಕೊಂಡಿರೋದು ಆ ಒಂದ್ ಲೈನ್ ಬರೆಯತ್ತೆ, ಉಳಿದವ್ರು ಬೇರೆ ಯಾರನ್ನಾದ್ರೂ ಹುಡುಕ್ಕೋತಾರೆ.

ಇನ್ನು ಕೆಲವ್ರು ಫೋಟೋನೂ ಹಾಕಲ್ಲ, ವಾಯ್ಸೂ ಇಲ್ಲ. ಅವ್ರಿಗೆ ನಾನು ಎರಡು ದಿನ ಬಿಟ್ಟು ಒಂದ್ಸಲ "ಯಾವಾಗ ಬೇಕಾದ್ರೂ ಹಾಕು" ಅಂತೀನಿ, ಅಷ್ಟೇ, ಎರಡನೇ ಸಲ ಕೇಳಲ್ಲ. ಗ್ರೂಪಲ್ಲಂತೂ ಹೆಸ್ರು ಹಿಡಿದು ಕೇಳೋದೇ ಇಲ್ಲ, ಇಡೀ ಕ್ಲಾಸಿಗೆ ಗೊತ್ತಾದ್ಮೇಲೆ ಯಾವ್ ಮಗು ಬಾಯಿ ಬಿಡತ್ತೆ ಹೇಳಿ. ಆ ವಾರ ಯಾವ ಪಾಠ ನಡೀತಿತ್ತು ಅಂತ ನೋಡಿ ಅದ್ರಲ್ಲಿ ಎಲ್ರೂ ಎಡವೋ ಒಂದ್ ಲೆಕ್ಕ ಮತ್ತೆ ಬೋರ್ಡ್ ಮೇಲೆ ಮಾಡ್ತೀನಿ, ಬೇಕಂತ 6 ಬರೋ ಹಾಗೆ ಮಾಡಿ, ಇದ್ಯಾಕೆ ಹೀಗ್ ಬಂತು ನೋಡ್ರೋ ಅಂತ ಎಲ್ರಿಗೂ ಬಿಡ್ತೀನಿ.