ಟಿಪ್ ಬಂದ ದಿನ ಬಿಡಿ, ಅದರ ಹಿಂದಿನ ಮೂರು ವಾರ ನೋಡಿ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಭಾವನವರ ಫಾರ್ವರ್ಡ್. "ಒಳಗಿನ ಸುದ್ದಿ. ಕಂಪನಿಗೆ ಭಾರಿ ಆರ್ಡರ್ ಬರ್ತಿದೆ. ಇವತ್ತೇ ತಗೊಳ್ಳಿ, ಟಾರ್ಗೆಟ್ 60." ಕೆಳಗೆ ನಾಲ್ಕು ರಾಕೆಟ್. ಸಾವಿರಾರು ಜನರಿರುವ ಗ್ರೂಪಿನಲ್ಲಿ ಒಳಗಿನ ಸುದ್ದಿಯಂತೆ!

ಸಿಟ್ಟಿನಲ್ಲೇ ಆ ಶೇರಿನ ಚಾರ್ಟ್ ತೆಗೆದೆ. ಎಲ್ಲರೂ ಬೆಲೆಯ ಗೆರೆ ನೋಡುತ್ತಾರೆ, ನೀವು ಅದರ ಕೆಳಗಿನ ವಾಲ್ಯೂಮ್ ಕಂಬಗಳನ್ನು ನೋಡಿ. ವರ್ಷವಿಡೀ ದಿನಕ್ಕೆ 5,000 ಶೇರು ಕೈಬದಲಾದರೆ ಹೆಚ್ಚು. ಕಳೆದ ಮೂರು ವಾರದಿಂದ ಮಾತ್ರ ದಿನಕ್ಕೆ 50,000. ಬೆಲೆ ಸದ್ದಿಲ್ಲದೆ 10ರಿಂದ 16ಕ್ಕೆ ಏರಿದೆ. ಎಕ್ಸ್‌ಚೇಂಜಿನ ಜಾಲತಾಣದಲ್ಲಿ ಕಂಪನಿಯ ಪ್ರಕಟಣೆ ಹುಡುಕಿದರೆ ಆರ್ಡರ್ ಬಗ್ಗೆ ಒಂದು ಸಾಲೂ ಇಲ್ಲ.

ಹಾಗಾದರೆ ಆ ಹದಿನೈದು ದಿನದ ವಹಿವಾಟಿನಲ್ಲಿ 7.5 ಲಕ್ಷ ಶೇರು ಕೊಂಡವರು ಯಾರು? ಈ ಟಿಪ್ ಹರಡುವವರೇ ಇರಬೇಕು. ಒಂದಷ್ಟು ಅವರವರೇ ಒಂದು ಖಾತೆಯಿಂದ ಇನ್ನೊಂದಕ್ಕೆ ಮಾರಿಕೊಂಡು ಗದ್ದಲ ಎಬ್ಬಿಸಿದ್ದಿರಬಹುದು. ಉಳಿದದ್ದು ದಾಸ್ತಾನು. ಈಗ ಅದನ್ನು ಮಾರಬೇಕು. ದಿನಕ್ಕೆ 5,000 ಶೇರು ಕೊಳ್ಳುವ ಮಾರುಕಟ್ಟೆಯಲ್ಲಿ ಲಕ್ಷಗಟ್ಟಲೆ ಮಾರಲು ಹೋದರೆ ಬೆಲೆ ಕುಸಿಯುತ್ತದೆ. ಅದಕ್ಕೇ ಗ್ರೂಪು, ಅದಕ್ಕೇ ರಾಕೆಟ್. ಟಿಪ್ ಬಂದ ದಿನ ಕೊಳ್ಳುವವರು ನಾವು, ಮಾರುವವರು ಅವರು.

"ಬೇಗ ಹೊಕ್ಕು ಬೇಗ ಹೊರಬಂದರೆ ಲಾಭವೇ ಅಲ್ವಾ" ಅಂತ ಕಮೆಂಟ್ ಹಾಕಲು ಬೆರಳು ತುರಿಸುತ್ತಿರುವವರಿಗೆ: ಹೌದು, ಕೆಲವರಿಗೆ ಆಗುತ್ತದೆ. ಆದರೆ ಮಾರಾಟ ಯಾವ ಗಳಿಗೆಯಲ್ಲಿ ಶುರು ಅನ್ನುವುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ನನಗೂ ಗೊತ್ತಿರಲಿಲ್ಲ. ಹೌದು, ಇಷ್ಟೆಲ್ಲ ಉಪದೇಶ ಮಾಡುವ ನಾನೇ ಒಮ್ಮೆ ಇಂಥದ್ದೇ ಶೇರನ್ನು 24ಕ್ಕೆ ಕೊಂಡೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ಎರಡೇ ದಿನಕ್ಕೆ ಲೋವರ್ ಸರ್ಕ್ಯೂಟ್. ದಿನಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ಇಳಿಯದಂತೆ ಮಿತಿ ಇದ್ದ ಶೇರು ಅದು. ಮಿತಿ ಇದ್ದರೆ ರಕ್ಷಣೆ ಅಂದುಕೊಂಡಿದ್ದೆ. ಮಾರಲು ಲಕ್ಷಗಟ್ಟಲೆ ಆರ್ಡರ್ ಸಾಲುಗಟ್ಟಿ ನಿಂತಿವೆ, ಕೊಳ್ಳುವವರ ಕಡೆ ಸೊನ್ನೆ. ಬೆಳಿಗ್ಗೆ ಮಾರುಕಟ್ಟೆ ತೆರೆಯುತ್ತಲೇ ಆರ್ಡರ್ ಹಾಕುವುದು, ಸಂಜೆ ಅದು ಹಾಗೇ ವಾಪಸ್ ಬರುವುದು. ಹತ್ತನೇ ದಿನ ಬೆಲೆ 14ರ ಹತ್ತಿರ ಬಂದಾಗ ಕೊನೆಗೂ ಕೈಬಿಟ್ಟಿತು. ಅಷ್ಟೂ ದಿನ ಗ್ರೂಪಿನಲ್ಲಿ ಒಂದೇ ಮಂತ್ರ: "ಗಾಬರಿಯಾಗಬೇಡಿ, ಹೋಲ್ಡ್ ಮಾಡಿ." ಪ್ರಶ್ನೆ ಕೇಳೋಣವೆಂದರೆ ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು.

ವಾಲ್ಯೂಮ್ ಏರಿದ ಶೇರೆಲ್ಲ ಮೋಸ ಅಂತಲ್ಲ. ನಿಜವಾದ ಸುದ್ದಿಗೆ ಮುಂಚೆಯೂ ಏರುವುದುಂಟು. ಆದರೆ ಸಣ್ಣ ಕಂಪನಿ, ಪ್ರಕಟಣೆ ಇಲ್ಲ, ಮೂರು ವಾರ ಮುಂಚೆಯೇ ಎದ್ದ ಕಂಬಗಳು, ಆಮೇಲೆ ಅಪರಿಚಿತರ ಟಿಪ್, ಈ ನಾಲ್ಕೂ ಒಟ್ಟಿಗೆ ಬಂದರೆ ನಾನು ಮುಟ್ಟುವುದಿಲ್ಲ.

ಭಾವನವರಿಗೆ ಫೋನ್ ಮಾಡಿ ಇದನ್ನೇ ಅರ್ಧ ಗಂಟೆ ಹೇಳಿದೆ. ಅಷ್ಟರಲ್ಲಾಗಲೇ 500 ಶೇರು ಕೊಂಡಾಗಿತ್ತು. "ಕೊಳ್ಳುವವರು ಇರುವಾಗಲೇ ಮಾರಿಬಿಡಿ ಭಾವ" ಅಂದೆ.

"ಅಲ್ಲಪ್ಪಾ, ಗ್ರೂಪಿನವರು ಹೋಲ್ಡ್ ಮಾಡಿ ಅಂತಿದ್ದಾರಲ್ಲ?"