ಅಜ್ಜಿಯ ‘ರೀ’ ಕತ್ತರಿಸಬೇಡಿ

ಹಾವೇರಿ ಕಡೆಯ ಅಜ್ಜಿಯೊಬ್ಬರು ರೊಟ್ಟಿ ಬಡಿಯುತ್ತಾ ಮಾತಾಡುವ ವಿಡಿಯೋಗೆ ಕಳೆದ ವಾರ ಕನ್ನಡ ಸಬ್‌ಟೈಟಲ್ ಬರೆದೆ. ಕನ್ನಡದ ಮಾತಿಗೆ ಕನ್ನಡದ್ದೇ ಸಬ್‌ಟೈಟಲ್ ಯಾಕೆ ಅಂತ ಕೇಳುವವರಿದ್ದಾರೆ. ಕಿವಿ ಕೇಳಿಸದವರು ನೋಡುತ್ತಾರೆ, ಬಸ್ಸಲ್ಲಿ ಸೌಂಡ್ ಇಲ್ಲದೆ ನೋಡುವವರಿದ್ದಾರೆ, ಆ ಕಡೆಯ ಮಾತು ಬೇಗ ಹಿಡಿಯಲಾಗದ ಮೈಸೂರಿನವರೂ ಇದ್ದಾರೆ.

ಅಜ್ಜಿ ಆರು ಸೆಕೆಂಡಿನಲ್ಲಿ ಹೇಳಿದ್ದು ಇಷ್ಟು: “ನಾವ್ ಸಣ್ಣೋರಿದ್ದಾಗ ಏನಿತ್ರೀ, ನಮ್ಮವ್ವ ನಸುಕಿನ್ಯಾಗ ಎದ್ದು ಒಲಿ ಹಚ್ಚಿ ರೊಟ್ಟಿ ಬಡಿಯಾಕ ಕುಂತಳಂದ್ರ, ಆ ಸಪ್ಪಳಕ್ಕ ನಮಗ ಎಚ್ಚರ ಆಗ್ತಿತ್ರೀ.”

ನನಗಿಂತ ಮೊದಲು ಬರೆದವರು ಇದನ್ನು ಹೀಗೆ ಮಾಡಿದ್ದರು: “ನಾವು ಚಿಕ್ಕವರಿದ್ದಾಗ ನಮ್ಮ ತಾಯಿ ಬೆಳಗಿನ ಜಾವ ಎದ್ದು ಒಲೆ ಹಚ್ಚಿ ರೊಟ್ಟಿ ತಟ್ಟಲು ಕುಳಿತರೆ ಆ ಶಬ್ದಕ್ಕೆ ನಮಗೆ ಎಚ್ಚರವಾಗುತ್ತಿತ್ತು.” ತಪ್ಪೇನೂ ಇಲ್ಲ. ಆದರೆ ಅಜ್ಜಿಯೇ ಇಲ್ಲ. ಮೇಲಾಗಿ 47 ಅಕ್ಷರ, ಎಲ್ಲವೂ ಒಂದೇ ಸಲ ತೆರೆ ಮೇಲೆ. ಓದಿ ಮುಗಿಸುವಷ್ಟರಲ್ಲಿ ಅಜ್ಜಿಯ ಮುಖ ನೋಡುವುದೇ ತಪ್ಪಿಹೋಗುತ್ತದೆ.

ನಾನು ಬರೆದದ್ದು:

```
1
00:01:12,000 --> 00:01:15,400
ಅವ್ವ ನಸುಕಿನ್ಯಾಗ ಎದ್ದು
ರೊಟ್ಟಿ ಬಡಿಯಾಕ ಕುಂತಳಂದ್ರ,

2
00:01:15,500 --> 00:01:18,000
ಆ ಸಪ್ಪಳಕ್ಕ ನಮಗ
ಎಚ್ಚರ ಆಗ್ತಿತ್ರೀ.
```

ಈಗ 33 ಅಕ್ಷರ. ‘ಸಣ್ಣೋರಿದ್ದಾಗ’ ಬಿಟ್ಟೆ, ಹಿಂದಿನ ಮಾತಲ್ಲೇ ಅದು ಬಂದಿತ್ತು. ಉರಿಯುವ ಒಲೆ ಕಣ್ಣೆದುರೇ ಇತ್ತು, ಹಾಗಾಗಿ ‘ಒಲಿ ಹಚ್ಚಿ’ಯೂ ಹೋಯಿತು. ‘ಬಡಿಯಾಕ’ ಮಾತ್ರ ಮುಟ್ಟಲಿಲ್ಲ. ಸಪ್ಪಳ ಹುಟ್ಟುವುದೇ ಆ ಬಡಿತದಲ್ಲಿ, ಅಲ್ವಾ? ಎರಡು ‘ರೀ’ಗಳಲ್ಲಿ ಒಂದನ್ನಾದರೂ ಉಳಿಸಲೇಬೇಕಿತ್ತು. ಎದುರಿಗೆ ಕೂತವರ ಹತ್ತಿರ ಅಜ್ಜಿ ಮರ್ಯಾದೆಯಿಂದ ಮಾತಾಡುತ್ತಿರುವುದು ಗೊತ್ತಾಗುವುದು ಅದರಿಂದಲೇ.

ಸಾಲು ಮುರಿಯುವಾಗ ಜೋರಾಗಿ ಓದಿ ನೋಡಿ. ಉಸಿರು ನಿಲ್ಲುವ ಕಡೆ ಮುರಿಯಿರಿ. ‘ಎದ್ದು ರೊಟ್ಟಿ’ ಅಂತ ಮೇಲೆ ಬಿಟ್ಟು ‘ಬಡಿಯಾಕ’ ಕೆಳಗೆ ತಂದರೆ ಕಣ್ಣು ಎಡವುತ್ತದೆ.

ಅಕ್ಷರದ ಲೆಕ್ಕವನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ‘ರೊಟ್ಟಿ’ ನಮಗೆ ಎರಡಕ್ಷರ. ಬಹಳಷ್ಟು ಸಾಫ್ಟ್‌ವೇರು ಸ್ವರಚಿಹ್ನೆ, ಹಲಂತ ಚಿಹ್ನೆ (್) ಎಲ್ಲ ಬಿಡಿಬಿಡಿಯಾಗಿ ಎಣಿಸಿ ಆರು ಅನ್ನುತ್ತದೆ, ಸುಮ್ನೆ ಸಾಲು ಉದ್ದವಾಯಿತು ಅಂತ ಕೆಂಪು ತೋರಿಸುತ್ತದೆ. ಅದಕ್ಕೆ ಹೆದರಿ ಚೆನ್ನಾಗಿದ್ದ ಸಾಲನ್ನು ಕತ್ತರಿಸಿದವರನ್ನು ನೋಡಿದ್ದೇನೆ. ನಾನು ಬಾಯಲ್ಲಿ ಎಣಿಸುತ್ತೇನೆ, ಸೆಕೆಂಡಿಗೆ ಆರು ದಾಟಲು ಬಿಡುವುದಿಲ್ಲ.

ಹಾಗಂತ ಕೇಳಿದ್ದನ್ನೆಲ್ಲ ಹಾಗೇ ಬರೆಯಲೂ ಆಗುವುದಿಲ್ಲ. ಮೊದಲು ‘ಆಗ್ತಿತ್ತ್ರೀ’ ಅಂತ ಬರೆದಿದ್ದೆ. ಫೋನಿನಲ್ಲಿ ಹಾಕಿ ನೋಡಿದರೆ ಒತ್ತಿನ ಕೆಳಗೆ ಒತ್ತು ಬಂದು ತೆರೆಯ ಅಂಚಿಗೆ ತಾಗುತ್ತಿತ್ತು, ಓದಲೂ ಕಷ್ಟ. ಒಂದು ‘ತ’ ತೆಗೆದೆ. ಸೌಂಡ್ ಮುಚ್ಚಿ ಮತ್ತೆ ಓದಿದಾಗ ಅಜ್ಜಿಯ ದನಿ ಕೇಳಿಸಿತು.