ಚೌಕಟ್ಟಿನೊಳಗಿನ ನಮ್ಮ ಗಣಿತದ ಮೇಷ್ಟ್ರು

ಸನ್ಮಾನಪತ್ರಕ್ಕೆ ಮೊದಲೇ ಗಾಜು ಹಾಕಿಸಬೇಡಿರೆಂದು ಸಂಘಟಕರಿಗೆ ಯಾರು ಹೇಳಬೇಕು? ಕಳೆದ ಭಾನುವಾರ ಕಲಬುರಗಿಯಲ್ಲಿ ನಮ್ಮ ಗಣಿತದ ಮೇಷ್ಟ್ರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು. ಕೆನೆಬಣ್ಣದ ಹಾಳೆ, ಬಂಗಾರದ ಅಕ್ಷರ, ಮೇಲೆ ಗಾಜು, ಎದುರಿಗೆ ವೇದಿಕೆಯ ದೀಪ. ಓದುವವರು ಚೌಕಟ್ಟನ್ನು ಎಡಕ್ಕೆ ವಾಲಿಸಿದರೆ ಮೊದಲರ್ಧ ಸಾಲು ಕಾಣುತ್ತಿತ್ತು, ಬಲಕ್ಕೆ ವಾಲಿಸಿದರೆ ಉಳಿದರ್ಧ. ಬೇರೆ ಪ್ರತಿ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ಒಂದು ಜೆರಾಕ್ಸ್ ಇಟ್ಟುಕೊಂಡಿದ್ದರೆ ಮೂರು ನಿಮಿಷದ ಕೆಲಸ.

ಓದುಗ ಮಹಾಶಯರಿಗೆ ಇನ್ನೊಂದು ಚಟ. ಪ್ರತಿ ಸಾಲು ಮುಗಿದ ಮೇಲೆ ಚೌಕಟ್ಟು ಇಳಿಸಿ, ಕನ್ನಡಕ ತೆಗೆದು, ‘ಇದರ ಅರ್ಥ ಏನಂದ್ರ...’ ಎಂದು ವಿವರಿಸುವುದು. ರಾಷ್ಟ್ರಕೂಟರ ಮಳಖೇಡದಿಂದ ಹೊರಟವರು ಮೇಷ್ಟ್ರ ಊರು ಸೇಡಂ ತಾಲೂಕಿಗೆ ಬರುವಷ್ಟರಲ್ಲಿ ಹಿಂದಿನ ಸಾಲು ಖಾಲಿ. ಮಳಖೇಡ ಇರುವುದೂ ಅದೇ ತಾಲೂಕಿನಲ್ಲೇ! ರುಮಾಲು, ಶಾಲು, ಮಣಭಾರದ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಏಪ್ರಿಲ್ ಸೆಕೆಗೆ ಮೇಷ್ಟ್ರು ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲ.

‘1947ರ ಜೂನ್ 1ರ ಶುಭ ಮುಂಜಾವಿನಲ್ಲಿ ಜನಿಸಿದ ತಾವು...’

ಮೇಷ್ಟ್ರು ಕಿಸಕ್ಕನೆ ನಕ್ಕರು.

‘1972ರಲ್ಲಿ ಸೇವೆಗೆ ಸೇರಿ, 2005ರ ಮೇ 31ರಂದು ನಿವೃತ್ತರಾಗಿ, ನಾಲ್ಕು ದಶಕಗಳ ಕಾಲ...’

ಈಗ ತಡೆಯಲಾಗಲಿಲ್ಲ. ‘ಮೂವತ್ಮೂರು!’ ಎಂದರು ಕುರ್ಚಿಯಿಂದಲೇ. ‘ಐದರಾಗ ಎಪ್ಪತ್ತೆರಡು ಹೋಗಲ್ಲ ಅಂತ ನೂರು ಕಡ ತಗೋಬೇಕು. ಕಳೀಲಿಕ್ಕಿ ಬರಲ್ಲೇನೋ?’

ಓದುಗರು ಕನ್ನಡಕ ತೆಗೆದು, ‘ಇದರ ಅರ್ಥ ಏನಂದ್ರ, ಸರ್ ಭಾಳ ವಿನಯವಂತರು’ ಎಂದರು.

ಸೇವಾ ಪುಸ್ತಕ ತೆರೆದು ನೋಡಿದ್ದರೆ ಸಾಕಿತ್ತು. ಆದರೆ ಹುಟ್ಟಿದ ತಾರೀಖಿಗೆ ಆ ಪುಸ್ತಕವೂ ಸಾಕ್ಷಿಯಲ್ಲವೆಂದು ಮೈಕು ಕೈಗೆ ಬಂದ ಮೇಲೆ ಮೇಷ್ಟ್ರೇ ಹೇಳಿದರು. ಜೂನ್‌ನಲ್ಲಿ ಶಾಲೆ ಶುರು. ದಾಖಲಾತಿಗೆ ವಯಸ್ಸು ತುಂಬಿರಬೇಕು. ತಂದೆತಾಯಿಗೆ ತಾರೀಖು ಗೊತ್ತಿಲ್ಲ. ಜೂನ್ 1 ಬರೆದುಬಿಟ್ಟರೆ ಎಲ್ಲರಿಗೂ ಅನುಕೂಲ. ಒಂದನೇ ತಾರೀಖು ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತ. ಹಾಗಾಗಿ ಮೇ 31ಕ್ಕೆ ಕಚೇರಿ ಕಚೇರಿಯಲ್ಲೂ ಬೀಳ್ಕೊಡುಗೆಯ ಊಟ.

‘ನಮ್ಮವ್ವ ಹೇಳ್ತಿದ್ಲು, ಎಳ್ಳಮಾಸಿ ದಿನ ಭಜ್ಜಿ ಕುದಿವಾಗ ಹೊಟ್ಟಿನೋವು ಸುರುವಾಯ್ತಂತ. ಹೊಲಕ್ಕ ಚರಗ ಚೆಲ್ಲಾಕ ಹೋಗಲಿಲ್ಲಂತ. ಯಾವ ವರ್ಷ ಅಂತ ಕೇಳಬೇಕಿತ್ತು, ಕೇಳಲಿಲ್ಲ.’

ಸ್ವಲ್ಪ ಹೊತ್ತು ಹಣ್ಣಿನ ಬುಟ್ಟಿ ನೋಡುತ್ತ ನಿಂತರು. ಆಮೇಲೆ ತರಗತಿಯ ದನಿಯಲ್ಲಿ, ‘ಜೂನ್ ಒಂದರವರು ಕೈ ಎತ್ರಿ!’ ನಾನೂ ಎತ್ತಿದೆ. ಅರ್ಧ ಸಭೆ ಎತ್ತಿತು. ಸನ್ಮಾನಪತ್ರ ಓದಿದವರೂ ಎತ್ತಿದರು.

‘ಇದರಾಗ ಭಾಳ ಮಂದೀದು ನಾ ಬರದದ್ದೇ’ ಎಂದು ಮೇಷ್ಟ್ರು ಕೂತರು.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು: ನಾಲ್ಕು ದಶಕಗಳ ಸಾರ್ಥಕ ಸೇವೆ. ಫೋಟೋದಲ್ಲಿ ಗಾಜಿನ ಹೊಳಪು, ಅದರ ಹಿಂದೆ ರುಮಾಲಿನ ತುದಿ.